ವಿಕ್ಸ್ 65 ತೋರಿಸಿದ ಬೆಳಿಗ್ಗೆ ಮಾರ್ಕೆಟ್‌ನಲ್ಲಿ ನಿಜವಾಗಿ ಎಷ್ಟು ಭಯ ಇತ್ತು?

2024ರ ಆಗಸ್ಟ್ 5, ಸೋಮವಾರ. ಅಮೆರಿಕದ ಷೇರು ಮಾರ್ಕೆಟ್ ಇನ್ನೂ ಓಪನ್ ಆಗಿರ್ಲಿಲ್ಲ, ಅಷ್ಟರಲ್ಲೇ ಆ ಮಾರ್ಕೆಟ್‌ನ ಏರಿಳಿತದ ನಿರೀಕ್ಷೆಯನ್ನ ಅಳೆಯೋ ವಿಕ್ಸ್ ಅನ್ನೋ ಸೂಚ್ಯಂಕ 65.73 ಮುಟ್ಟಿತ್ತು. ಶುಕ್ರವಾರ ಕ್ಲೋಸ್ ಆಗಿದ್ದು 23.39ಕ್ಕೆ. 2008ರ ಬ್ಯಾಂಕ್ ಬಿಕ್ಕಟ್ಟು, 2020ರ ಕೋವಿಡ್ ಕುಸಿತ ಬಿಟ್ರೆ ಈ ಸೂಚ್ಯಂಕ ಅಷ್ಟು ಎತ್ತರ ಕಂಡೇ ಇರ್ಲಿಲ್ಲ. ಆದ್ರೆ ಆ ದಿನ ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಕೊನೆಗೆ ಬಿದ್ದಿದ್ದು ಸುಮಾರು 3 ಪರ್ಸೆಂಟ್ ಅಷ್ಟೇ, ವಿಕ್ಸ್ ಕೂಡ ಸಂಜೆ ಹೊತ್ತಿಗೆ 38.57ಕ್ಕೆ ಇಳಿದಿತ್ತು, ಸುಮಾರು ಒಂದು ವಾರ ಕಳೆದ ಮೇಲೆ 20ಕ್ಕಿಂತ ಕೆಳಗೆ ಬಂತು. 2020ರ ಮಾರ್ಚ್ 16ಕ್ಕೆ ಹೋಲಿಸಿ ನೋಡಿ, ಅವತ್ತು ವಿಕ್ಸ್ 82.69ಕ್ಕೆ ಕ್ಲೋಸ್ ಆದಾಗ ಎಸ್ ಅಂಡ್ ಪಿ 500 ಒಂದೇ ದಿನಕ್ಕೆ ಸುಮಾರು 12 ಪರ್ಸೆಂಟ್ ಬಿದ್ದಿತ್ತು. ಹಾಗಾದ್ರೆ ಆಗಸ್ಟ್ 5ರ ಬೆಳಿಗ್ಗೆ ಆ 65 ಅಳೆದಿದ್ದು ಏನನ್ನ?

ಇದಕ್ಕೆ ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಷಿಕಾಗೋ ಆಪ್ಷನ್ಸ್ ಎಕ್ಸ್‌ಚೇಂಜ್ 1973ರಲ್ಲಿ ಕಾಲ್ ಆಪ್ಷನ್, ಅಂದ್ರೆ ಮೊದಲೇ ಗೊತ್ತು ಮಾಡಿದ ಸ್ಟ್ರೈಕ್ ಬೆಲೆಗೆ ಕೊಳ್ಳೋ ಹಕ್ಕು, ಶುರು ಮಾಡ್ತು, ಅದೇ ಥರ ಮಾರೋ ಹಕ್ಕು ಕೊಡೋ ಪುಟ್ ಬಂದಿದ್ದು 1977ರಲ್ಲಿ. ಎರಡೂ ಕೈಗೆ ಸಿಕ್ಕ ಮೇಲೆ ಯಾವುದು ಎಷ್ಟು ಟ್ರೇಡ್ ಆಗ್ತಿದೆ ಅಂತ ಭಾಗಾಕಾರ ಮಾಡಿ ನೋಡೋದು ಸಹಜವೇ, ಪುಟ್-ಕಾಲ್ ರೇಷಿಯೋ ಅಂದ್ರೆ ಅಷ್ಟೇ. ವಿಕ್ಸ್‌ನ ದಾರಿ ಬೇರೆ. 1987ರ ಅಕ್ಟೋಬರ್ ಕುಸಿತ ಆದ ಮೇಲೆ ಏರಿಳಿತಕ್ಕೇ ಒಂದು ಸೂಚ್ಯಂಕ ಬೇಕು ಅಂತ ಮೆನಾಚೆಮ್ ಬ್ರೆನ್ನರ್ ಮತ್ತು ಡಾನ್ ಗಲಾಯ್ ಅನ್ನೋ ಇಬ್ಬರು ಪ್ರೊಫೆಸರ್‌ಗಳು ಬರೆದ್ರು, 1993ರಲ್ಲಿ ರಾಬರ್ಟ್ ವೇಲಿ ಅದೇ ಎಕ್ಸ್‌ಚೇಂಜ್‌ಗೆ ವಿಕ್ಸ್ ರೂಪಿಸಿಕೊಟ್ರು. ಆಗ ಲೆಕ್ಕಕ್ಕೆ ತಗೊಳ್ತಿದ್ದಿದ್ದು ಎಸ್ ಅಂಡ್ ಪಿ 100ರ ಎಂಟು ಆಪ್ಷನ್ ಮಾತ್ರ, ಅದೂ ಸೂಚ್ಯಂಕದ ಆಗಿನ ಮಟ್ಟಕ್ಕೆ ಹತ್ತಿರ ಇರೋವು. 2003ರಲ್ಲಿ ಲೆಕ್ಕವನ್ನೇ ಬದಲಾಯಿಸಿದ್ರು, ಎಸ್ ಅಂಡ್ ಪಿ 500ಕ್ಕೆ ಹೋದ್ರು, ಹತ್ತಿರದ ಸ್ಟ್ರೈಕ್ ಮಾತ್ರ ಅಲ್ಲ, ಬೆಲೆಯಿಂದ ತುಂಬಾ ದೂರ ಇರೋ ಪುಟ್ ಮತ್ತು ಕಾಲ್‌ಗಳನ್ನೂ ಸೇರಿಸಿದ್ರು. 2004ರಲ್ಲಿ ವಿಕ್ಸ್ ಮೇಲೆ ಫ್ಯೂಚರ್ಸ್, ಅಂದ್ರೆ ಮುಂದಿನ ದಿನಾಂಕಕ್ಕೆ ಈಗ್ಲೇ ಬೆಲೆ ಕಟ್ಟೋ ಒಪ್ಪಂದ, ಬಂತು, 2006ರಲ್ಲಿ ಆಪ್ಷನ್ಸ್. ನೋಡೋಕೆ ಅಂತ ಮಾಡಿದ್ದ ಸಂಖ್ಯೆ ಕೊಳ್ಳೋ ಮಾರೋ ಸರಕಾಯ್ತು.

ಸಂಖ್ಯೆಯನ್ನ ಓದೋದು ಹೇಗೆ ಅಂದ್ರೆ, ವಿಕ್ಸ್ ಮುಂದಿನ 30 ದಿನಕ್ಕೆ ಆಪ್ಷನ್ ಬೆಲೆಗಳಲ್ಲಿ ಅಡಗಿರೋ ಏರಿಳಿತವನ್ನ ವಾರ್ಷಿಕ ದರವಾಗಿ ಹೇಳುತ್ತೆ. ವರ್ಷಕ್ಕೆ ಸುಮಾರು 252 ಟ್ರೇಡಿಂಗ್ ದಿನ, ಅದರ ವರ್ಗಮೂಲ ಹತ್ತತ್ರ 16. ಹಾಗಾಗಿ ವಿಕ್ಸ್ 16 ಇದ್ರೆ ದಿನಕ್ಕೆ ಸುಮಾರು 1 ಪರ್ಸೆಂಟ್ ಅಲುಗಾಟ, 32 ಇದ್ರೆ 2 ಪರ್ಸೆಂಟ್. ಆಗಸ್ಟ್ 5ರ 65ನ್ನ ಹೀಗೆ ಓದಿದ್ರೆ ಒಂದು ತಿಂಗಳ ಕಾಲ ಪ್ರತಿದಿನ 4 ಪರ್ಸೆಂಟ್ ಅಲುಗಾಟ ಅಂತಾಗುತ್ತೆ. ಮೇಲಕ್ಕೋ ಕೆಳಕ್ಕೋ ಅಂತ ಅದು ಹೇಳಲ್ಲ. ಇದು ವಿಮೆಯ ಪ್ರೀಮಿಯಂ ಇದ್ದ ಹಾಗೆ, ರಿಸ್ಕ್ ಜಾಸ್ತಿಯಾದ್ರೂ ಏರುತ್ತೆ, ವಿಮೆ ಕೊಡೋರು ಹಿಂದೆ ಸರಿದ್ರೂ ಏರುತ್ತೆ, ಪ್ರೀಮಿಯಂ ಮಾತ್ರ ನೋಡಿದೋರಿಗೆ ಯಾವ ಕಾರಣಕ್ಕೆ ಏರಿತು ಅಂತ ಗೊತ್ತಾಗಲ್ಲ. ಸಾಮಾನ್ಯ ದಿನಗಳಲ್ಲೂ ವಿಕ್ಸ್ ಆಮೇಲೆ ನಿಜವಾಗಿ ಆಗೋ ಏರಿಳಿತಕ್ಕಿಂತ ಸ್ವಲ್ಪ ಮೇಲೇ ಇರುತ್ತೆ, ಆ ವ್ಯತ್ಯಾಸ ಆಪ್ಷನ್ ಬರೆದುಕೊಡೋರ, ಅಂದ್ರೆ ಮಾರೋರ, ಲಾಭ.

ಈಗ ಆ ಸೋಮವಾರಕ್ಕೆ ಬರೋಣ. ಜುಲೈ 31ಕ್ಕೆ ಬ್ಯಾಂಕ್ ಆಫ್ ಜಪಾನ್ ಬಡ್ಡಿ ಏರಿಸಿತ್ತು, ಯೆನ್ ಬಲ ಆಗ್ತಾ ಇತ್ತು, ಅಗ್ಗದ ಯೆನ್ ಸಾಲ ತಗೊಂಡು ಬೇರೆ ಕಡೆ ಹಾಕಿದ್ದೋರು ಪೊಸಿಷನ್ ಬಿಚ್ಚೋಕೆ ಶುರು ಮಾಡಿದ್ರು. ಆಗಸ್ಟ್ 2ಕ್ಕೆ ಬಂದ ಅಮೆರಿಕದ ಉದ್ಯೋಗದ ಅಂಕಿಅಂಶ ನಿರೀಕ್ಷೆಗಿಂತ ಕಡಿಮೆ, ನಿರುದ್ಯೋಗ 4.3 ಪರ್ಸೆಂಟ್. ಸೋಮವಾರ ಟೋಕಿಯೋದ ನಿಕ್ಕಿ 12.4 ಪರ್ಸೆಂಟ್ ಬಿತ್ತು, 1987ರ ನಂತರ ಒಂದೇ ದಿನದಲ್ಲಿ ಅಷ್ಟು ದೊಡ್ಡ ಪರ್ಸೆಂಟ್ ಕುಸಿತ ಆಗಿರ್ಲಿಲ್ಲ. ಭಯ ಸುಳ್ಳಲ್ಲ, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೆ 23ರಿಂದ 65ರವರೆಗಿನ ಏರಿಕೆಯಲ್ಲಿ ಎಲ್ಲವೂ ಭಯ ಅಲ್ಲ, ದೊಡ್ಡ ಪಾಲು ಲೆಕ್ಕದ ವಿಧಾನದಿಂದಲೇ ಬಂದಿದ್ದು.

ಯಾಕಂದ್ರೆ ವಿಕ್ಸ್ ಲೆಕ್ಕ ಹಾಕೋದು ಆಪ್ಷನ್ ಟ್ರೇಡ್ ಆದ ಬೆಲೆಯಿಂದ ಅಲ್ಲ, ಕೊಳ್ಳೋರ ಬಿಡ್ ಮತ್ತು ಮಾರೋರ ಆಸ್ಕ್, ಇವೆರಡರ ಮಧ್ಯದ ಬೆಲೆಯಿಂದ. ಒಂದು ಉದಾಹರಣೆ ಊಹಿಸ್ಕೊಳ್ಳಿ. ಎಸ್ ಅಂಡ್ ಪಿ 500ರ ಮಟ್ಟಕ್ಕಿಂತ ತುಂಬಾ ಕೆಳಗಿನ ಸ್ಟ್ರೈಕ್‌ನ ಒಂದು ಪುಟ್, ಬಿಡ್ 1 ಡಾಲರ್, ಆಸ್ಕ್ 2 ಡಾಲರ್, ಮಧ್ಯದ ಬೆಲೆ 1.50. ಬೆಳಗಿನ ಜಾವ, ಟ್ರೇಡರ್‌ಗಳು ಕಮ್ಮಿ, ಟೋಕಿಯೋದಿಂದ ಕೆಟ್ಟ ಸುದ್ದಿ, ಕೊಳ್ಳೋ ಮಾರೋ ಎರಡೂ ಬೆಲೆ ಹೇಳೋ ಮಾರ್ಕೆಟ್ ಮೇಕರ್‌ಗೆ ಆ ಹೊತ್ತಲ್ಲಿ ಪುಟ್ ಮಾರೋಕೆ ಇಷ್ಟ ಇಲ್ಲ, ಅವರು ಬಿಡ್ ಹಾಗೇ 1 ಡಾಲರ್ ಇಟ್ಟು ಆಸ್ಕನ್ನ 9 ಡಾಲರ್‌ಗೆ ಏರಿಸ್ತಾರೆ. ಮಧ್ಯದ ಬೆಲೆ ಈಗ 5 ಡಾಲರ್! ಒಂದೇ ಒಂದು ಟ್ರೇಡ್ ಆಗಿಲ್ಲ, 1 ಡಾಲರ್‌ಗಿಂತ ಒಂದು ಪೈಸೆ ಜಾಸ್ತಿ ಕೊಡ್ತೀನಿ ಅಂತ ಯಾರೂ ಹೇಳಿಲ್ಲ, ಆದ್ರೂ ವಿಕ್ಸ್ ಕಣ್ಣಿಗೆ ಆ ವಿಮೆಯ ಬೆಲೆ ಮೂರು ಪಟ್ಟಿಗಿಂತ ಮೇಲೆ ಹೋಗಿದೆ.

ಇದರ ಮೇಲೆ ಇನ್ನೆರಡು ವಿಷಯ ಸೇರ್ಕೊಳ್ಳುತ್ತೆ. ಸೂತ್ರದಲ್ಲಿ ಪ್ರತಿ ಆಪ್ಷನ್‌ನ ತೂಕ ಅದರ ಸ್ಟ್ರೈಕ್‌ನ ವರ್ಗಕ್ಕೆ ವಿಲೋಮವಾಗಿರುತ್ತೆ, ಅಂದ್ರೆ ಸ್ಟ್ರೈಕ್ ಕೆಳಗಿದ್ದಷ್ಟೂ ತೂಕ ಜಾಸ್ತಿ, ಬಿಡ್ ಮತ್ತು ಆಸ್ಕ್ ನಡುವಿನ ಅಂತರ, ಅಂದ್ರೆ ಸ್ಪ್ರೆಡ್, ಅಗಲ ಆಗೋದು ಕೂಡ ಅದೇ ಕೆಳಗಿನ ಪುಟ್‌ಗಳಲ್ಲಿ. ಇನ್ನೊಂದು, ಕೆಳಕ್ಕೆ ಹೋಗ್ತಾ ಹೋಗ್ತಾ ಸತತ ಎರಡು ಸ್ಟ್ರೈಕ್‌ನಲ್ಲಿ ಬಿಡ್ ಸೊನ್ನೆ ಕಂಡ್ರೆ ಲೆಕ್ಕ ಅಲ್ಲಿಗೆ ನಿಲ್ಲುತ್ತೆ. ಗಾಬರಿಯಲ್ಲಿ ದೂರದ ಸ್ಟ್ರೈಕ್‌ಗಳಿಗೂ ಚಿಲ್ಲರೆ ಬಿಡ್ ಹುಟ್ಕೊಂಡ್ರೆ ಲೆಕ್ಕ ಇನ್ನೂ ಕೆಳಗಿನವರೆಗೆ ಹೋಗುತ್ತೆ, ನಿನ್ನೆ ಲೆಕ್ಕದಲ್ಲೇ ಇಲ್ಲದ ಆಪ್ಷನ್‌ಗಳು ಇವತ್ತು ಒಳಗೆ ಬರ್ತವೆ. 2003ರ ಬದಲಾವಣೆಯಿಂದ ಸೂಚ್ಯಂಕಕ್ಕೆ ಗಣಿತದ ಗಟ್ಟಿತನ ಬಂತು ನಿಜ, ಅದರ ಜೊತೆಗೇ ಈ ದೌರ್ಬಲ್ಯವೂ ಬಂತು. ಇದು ಯಾರ ತಪ್ಪೂ ಅಂತಲ್ಲ, ದೂರದ ಆಪ್ಷನ್ ಸೇರಿಸದೇ ಪೂರ್ತಿ ಏರಿಳಿತ ಅಳೆಯೋಕೆ ಆಗಲ್ಲ, ಸೇರಿಸಿದ್ರೆ ಲಿಕ್ವಿಡಿಟಿ ಇಲ್ಲದ ಹೊತ್ತಲ್ಲಿ ಅವುಗಳ ಕೋಟ್ ನಂಬೋಕೂ ಆಗಲ್ಲ.

ಆ ಬೆಳಿಗ್ಗೆಯೇ ಇದನ್ನ ಹಿಡಿಯೋ ದಾರಿ ಇತ್ತಾ ಅಂದ್ರೆ ಇತ್ತು. ವಿಕ್ಸ್ ಫ್ಯೂಚರ್ಸ್ ನಿಜವಾದ ದುಡ್ಡು ಹಾಕಿ ಟ್ರೇಡ್ ಆಗೋ ವಸ್ತು, ಅದೂ ಏರಿತ್ತು, ಆದ್ರೆ ಸೂಚ್ಯಂಕ ಹಾರಿದಷ್ಟು ಹಾರಿರ್ಲಿಲ್ಲ. ಗಾಬರಿ ನಿಲ್ಲುತ್ತೆ ಅನ್ನೋ ನಿರೀಕ್ಷೆ ಇದ್ದಾಗ್ಲೂ ಫ್ಯೂಚರ್ಸ್ ವಿಕ್ಸ್ ಸೂಚ್ಯಂಕಕ್ಕಿಂತ ಕೆಳಗಿರುತ್ತೆ, ಅದು ಮಾಮೂಲಿ, ಆದ್ರೆ ಅಂತರ ಅಷ್ಟು ದೊಡ್ಡದಾಗಿ, ಅದೂ ಮಾರ್ಕೆಟ್ ಓಪನ್ ಆಗೋ ಮುಂಚೆ ಕಂಡ್ರೆ ಕೋಟ್‌ಗಳ ಮೇಲೆ ಅನುಮಾನ ಬರ್ಲೇಬೇಕು. ಮಾರ್ಕೆಟ್ ಓಪನ್ ಆಗಿ ಸ್ಪ್ರೆಡ್ ಕಿರಿದಾಗ್ತಿದ್ದ ಹಾಗೆ ವಿಕ್ಸ್ ತಾನಾಗೇ ಇಳೀತು. ಆದ್ರೆ ಹೆಡ್‌ಲೈನ್‌ಗಳಲ್ಲಿ ಉಳಿದಿದ್ದು 65 ಮಾತ್ರ, ಅದೂ 2008 ಮತ್ತು 2020ರ ಪಕ್ಕದಲ್ಲಿ, ನನಗೆ ಬೇಜಾರಾಗೋದು ಇಲ್ಲೇ.

ವಿಕ್ಸ್ ಸರಕಾಗಿದ್ದರ ಪರಿಣಾಮ 2018ರ ಫೆಬ್ರವರಿ 5ಕ್ಕೆ ಗೊತ್ತಾಗಿತ್ತು. ಎಸ್ ಅಂಡ್ ಪಿ 500 ಸುಮಾರು 4 ಪರ್ಸೆಂಟ್ ಬಿದ್ದ ಆ ದಿನ ವಿಕ್ಸ್ 17.31ರಿಂದ 37.32ಕ್ಕೆ ಹೋಯ್ತು, ದುಪ್ಪಟ್ಟಿಗಿಂತ ಜಾಸ್ತಿ. ವಿಕ್ಸ್ ಇಳಿದ್ರೆ ಲಾಭ ಕೊಡೋ ಪ್ರಾಡಕ್ಟ್‌ಗಳು ದಿನದ ಕೊನೆಗೆ ಲೆಕ್ಕ ಸರಿ ಮಾಡ್ಕೊಳ್ಳೋಕೆ ವಿಕ್ಸ್ ಫ್ಯೂಚರ್ಸ್ ಕೊಳ್ಳಲೇಬೇಕಿತ್ತು, ಕೊಂಡಷ್ಟೂ ಬೆಲೆ ಏರ್ತು, ಏರಿದಷ್ಟೂ ಇನ್ನೂ ಕೊಳ್ಳಬೇಕಾಯ್ತು. ಅದರಲ್ಲಿ ಹೆಸರುವಾಸಿಯಾಗಿದ್ದ ಒಂದು ಪ್ರಾಡಕ್ಟ್ 90 ಪರ್ಸೆಂಟ್‌ಗಿಂತ ಹೆಚ್ಚು ಮೌಲ್ಯ ಕಳ್ಕೊಂಡು ಬಂದ್ ಆಯ್ತು. ಮಾರ್ಕೆಟ್‌ನ ಮನಸ್ಸು ಅಳೆಯೋ ಸಾಧನದ ಮೇಲಿನ ಪಣವೇ ಆ ಸಾಧನದ ಸಂಖ್ಯೆಯನ್ನ ತಳ್ಳಿತ್ತು.

ಇನ್ನು ಪುಟ್-ಕಾಲ್ ರೇಷಿಯೋ. 80 ಲಕ್ಷ ಪುಟ್, 1 ಕೋಟಿ ಕಾಲ್ ಟ್ರೇಡ್ ಆದ್ರೆ ರೇಷಿಯೋ 0.8. ರೇಷಿಯೋ ತುಂಬಾ ಏರಿದ್ರೆ ಎಲ್ಲರೂ ಹೆದರಿದ್ದಾರೆ, ಹಾಗಾಗಿ ತಳ ಹತ್ತಿರ ಇದೆ ಅನ್ನೋದು ಹಳೇ ನಂಬಿಕೆ. ತೊಂದರೆ ಏನಂದ್ರೆ ಪ್ರತಿ ಪುಟ್‌ಗೂ ಒಬ್ಬ ಕೊಂಡೋನು, ಒಬ್ಬ ಮಾರಿದೋನು ಇರ್ತಾರೆ, ರೇಷಿಯೋಗೆ ಇಬ್ಬರೂ ಒಂದೇ. ಷೇರು ಬೀಳುತ್ತೆ ಅಂತ ಪುಟ್ ಕೊಂಡಿರಬಹುದು, ಕೈಲಿರೋ ಷೇರಿಗೆ ರಕ್ಷಣೆ ಅಂತ ಕೊಂಡಿರಬಹುದು, ಬೀಳಲ್ಲ ಅನ್ನೋ ಧೈರ್ಯದಲ್ಲಿ ಮಾರಿರಬಹುದು, ಹಳೇ ಪುಟ್ ಮಾರಿ ಲಾಭ ತಗೊಂಡಿರಬಹುದು. ಟ್ರೇಡ್ ಆದ ವಾಲ್ಯೂಮ್ ಬದಲು ಇನ್ನೂ ಮುಗಿಯದೇ ಉಳಿದಿರೋ ಆಪ್ಷನ್‌ಗಳ ಸಂಖ್ಯೆ, ಅಂದ್ರೆ ಓಪನ್ ಇಂಟರೆಸ್ಟ್‌ನಿಂದ ಲೆಕ್ಕ ಹಾಕೋರು ಇದನ್ನೇ ತಿರುಗಿಸಿ, ಪುಟ್ ಜಾಸ್ತಿ ಇದ್ರೆ ಬರೆದೋರಿಗೆ ಧೈರ್ಯ ಇದೆ, ಮಾರ್ಕೆಟ್ ಗಟ್ಟಿ ಅಂತ ಓದ್ತಾರೆ. ಒಂದೇ ಅಂಕಿ, ಎರಡು ಉಲ್ಟಾ ಅರ್ಥ. ಇಂಡೆಕ್ಸ್ ಆಪ್ಷನ್ ಮತ್ತು ಬಿಡಿ ಷೇರಿನ ಆಪ್ಷನ್ ಕೂಡಿಸಿದ ಒಟ್ಟು ರೇಷಿಯೋ ಇನ್ನೂ ಗೊಂದಲ, ಫಂಡ್‌ಗಳು ಇಂಡೆಕ್ಸ್ ಪುಟ್ಟನ್ನ ರಕ್ಷಣೆಗೆ ಅಂತ ಮಾಮೂಲಾಗೇ ಕೊಳ್ತವೆ, ಬಿಡಿ ಷೇರಿನಲ್ಲಿ ಸಾಮಾನ್ಯ ಹೂಡಿಕೆದಾರರು ಕಾಲ್ ಕಡೆ ವಾಲ್ತಾರೆ.

2022ರ ಕೊನೆಯಲ್ಲಿ ಬಿಡಿ ಷೇರಿನ ರೇಷಿಯೋ ಇದ್ದಕ್ಕಿದ್ದ ಹಾಗೆ ವಿಪರೀತ ಏರಿದಾಗ ಇದು ಭಾರಿ ಭಯ ಅಂತ ಓದಿದ್ರು. ಆದ್ರೆ ಅದರ ಹಿಂದೆ ಬಹುಮಟ್ಟಿಗೆ ಇದ್ದಿದ್ದು ಬಡ್ಡಿ. ಷೇರು ಬೆಲೆಗಿಂತ ಸ್ಟ್ರೈಕ್ ತುಂಬಾ ಮೇಲಿರೋ ಪುಟ್ಟನ್ನ ಅವಧಿಗೆ ಮುಂಚೆ ಎಕ್ಸರ್ಸೈಸ್ ಮಾಡಿದ್ರೆ, ಅಂದ್ರೆ ಮಾರೋ ಹಕ್ಕನ್ನ ಬಳಸಿದ್ರೆ, ದುಡ್ಡು ಈಗ್ಲೇ ಕೈಗೆ ಬರುತ್ತೆ, ಬಡ್ಡಿ ಸೊನ್ನೆ ಇದ್ದಾಗ ಅದರಿಂದ ಉಪಯೋಗ ಇರ್ಲಿಲ್ಲ, 4 ಪರ್ಸೆಂಟ್ ದಾಟಿದ ಮೇಲೆ ಇತ್ತು. ಕೆಲವರು ಎಕ್ಸರ್ಸೈಸ್ ಮಾಡೋದು ಮರೀತಾರೆ, ಹಾಗೆ ಅವರು ಬಿಟ್ಟ ಬಡ್ಡಿ ಹಿಡಿಯೋಕೆ ಪ್ರೊಫೆಷನಲ್ ಟ್ರೇಡರ್‌ಗಳು ತಮ್ಮತಮ್ಮಲ್ಲೇ ಇಂಥ ಪುಟ್‌ಗಳನ್ನ ರಾಶಿಗಟ್ಟಲೆ ಅದಲುಬದಲು ಮಾಡಿದ್ರು. ಷೇರು ಬೀಳುತ್ತೋ ಏಳುತ್ತೋ ಅನ್ನೋದು ಆ ಟ್ರೇಡ್‌ನಲ್ಲಿ ಲೆಕ್ಕಕ್ಕೇ ಇಲ್ಲ.

ಈ ಎರಡು ಮಾಪಕಗಳು ಈಗ ಒಂದನ್ನೊಂದು ಸಮರ್ಥಿಸೋದೂ ಕಷ್ಟ ಆಗಿದೆ. 2022ರಿಂದ ಎಸ್ ಅಂಡ್ ಪಿ 500ಕ್ಕೆ ವಾರದ ಐದೂ ದಿನ ಎಕ್ಸ್‌ಪೈರಿ ಇದೆ, ಬೆಳಿಗ್ಗೆ ಕೊಂಡು ಸಂಜೆಗೆ ಮುಗಿಯೋ ಆಪ್ಷನ್‌ಗಳೇ ವಾಲ್ಯೂಮ್‌ನಲ್ಲಿ ದೊಡ್ಡ ಪಾಲು. ವಿಕ್ಸ್ ನೋಡೋದು 23ರಿಂದ 37 ದಿನ ಬಾಕಿ ಇರೋ ಆಪ್ಷನ್‌ಗಳನ್ನ, ಹಾಗಾಗಿ ಈ ಒಂದು ದಿನದವು ಅದರೊಳಗೆ ಬರಲ್ಲ. ಇಂಡೆಕ್ಸ್ ಆಪ್ಷನ್‌ಗಳ ಪುಟ್-ಕಾಲ್ ರೇಷಿಯೋಗೆ ಮಾತ್ರ ಅವೆಲ್ಲ ಪೂರ್ತಿ ಸೇರ್ತವೆ. ಎರಡೂ ಬೇರೆ ದಿಕ್ಕು ತೋರಿಸಿದ ದಿನ ಯಾವುದು ಸರಿ ಅಂತ ಕೇಳೋ ಮುಂಚೆ ಆ ವಾಲ್ಯೂಮ್ ಯಾವ ಎಕ್ಸ್‌ಪೈರಿಯದ್ದು ಅಂತ ನೋಡ್ಬೇಕು. ಈ ಕೊರತೆಗೆ ಅಂತ 2023ರ ಏಪ್ರಿಲ್‌ನಲ್ಲಿ ಒಂದು ದಿನದ ವಿಕ್ಸ್ ಕೂಡ ಶುರು ಮಾಡಿದ್ರು, ಆದ್ರೆ ಅದನ್ನೂ ಲೆಕ್ಕ ಹಾಕೋದು ಬಿಡ್ ಮತ್ತು ಆಸ್ಕ್‌ನ ಮಧ್ಯದ ಬೆಲೆಯಿಂದಲೇ.