ಸಬ್ಬಕ್ಕಿ ನೆನೆಸುವುದು: ಕಾಳು ಬಿಡಿಬಿಡಿಯಾಗಿ ಉಳಿಯಬೇಕಾದರೆ

ಮೊದಲ ಸಲ ಸಬ್ಬಕ್ಕಿಯನ್ನು ನಾನು ಅಕ್ಕಿ ನೆನೆಸುವ ಹಾಗೇ ನೆನೆಸಿದೆ. ಪಾತ್ರೆ ತುಂಬ ನೀರು, ರಾತ್ರಿಯಿಡೀ. ಬೆಳಿಗ್ಗೆ ಬಸಿದು ಬಾಣಲೆಗೆ ಹಾಕಿದರೆ ಖಿಚಡಿ ಬದಲು ಅಂಟಿನ ಮುದ್ದೆ ಆಯಿತು. ಎರಡನೇ ಸಲ ಹೆದರಿ ನೀರು ಚಿಮುಕಿಸಿ ಬಿಟ್ಟೆ. ಕಾಳು ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿತು. ಮೂರನೇ ಸಲದ್ದು ಇನ್ನೂ ವಿಚಿತ್ರ: ಹೊರಗೆ ಅಂಟು, ಒಳಗೆ ಗಟ್ಟಿ, ಎರಡೂ ಒಂದೇ ಕಾಳಿನಲ್ಲಿ! ಅಂಟು ಅಂದರೆ ನೀರು ಜಾಸ್ತಿ, ಗಟ್ಟಿ ಅಂದರೆ ನೀರು ಕಮ್ಮಿ ಅಂತ ಅಷ್ಟಕ್ಕೇ ಬಿಟ್ಟರೆ ಈ ಮೂರನೆಯದು ಅರ್ಥ ಆಗುವುದಿಲ್ಲ. ಅದಕ್ಕೆ ಕಾಳು ಹೇಗೆ ತಯಾರಾಗುತ್ತದೆ ಅನ್ನುವುದರಿಂದ ಶುರು ಮಾಡೋಣ.

ನಮ್ಮ ಅಂಗಡಿಗಳಲ್ಲಿ ಸಿಗುವ ಸಬ್ಬಕ್ಕಿ ಮರಗೆಣಸಿನ ಹಿಟ್ಟಿನದು. ಹೆಚ್ಚಿನದು ತಮಿಳುನಾಡಿನ ಸೇಲಂ ಕಡೆಯಿಂದ ಬರುತ್ತದೆ. ಗೆಣಸು ಅರೆದು, ಸೋಸಿ, ಹಾಲನ್ನು ತಿಳಿಯಾಗಲು ಬಿಟ್ಟರೆ ಅಡಿಯಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಆ ಒದ್ದೆ ಹಿಟ್ಟನ್ನು ಅಲುಗಾಡಿಸಿ ಅಲುಗಾಡಿಸಿ ಗುಂಡು ಮಾಡುತ್ತಾರೆ. ಆಮೇಲೆ ಬಿಸಿ ತಗಡಿನ ಮೇಲೆ ಹುರಿದು ಒಣಗಿಸುತ್ತಾರೆ. ಈ ಹುರಿಯುವ ಹಂತವನ್ನು ನೆನಪಿಡಿ. ಹುರಿದಾಗ ಕಾಳಿನ ಹೊರ ಪದರ ಅರೆ ಬೇಯುತ್ತದೆ. ಒಳಗಿನದು ಹೆಚ್ಚುಕಡಿಮೆ ಹಸಿ ಹಿಟ್ಟಾಗಿಯೇ ಉಳಿಯುತ್ತದೆ. ಅಂದರೆ ಪ್ರತಿ ಕಾಳೂ ಬೆಂದ ತೆಳು ಚೀಲದೊಳಗೆ ಕಟ್ಟಿಟ್ಟ ಹಸಿ ಹಿಟ್ಟು.

ಬೆಂದ ಹಿಟ್ಟು ತಣ್ಣೀರನ್ನು ಬೇಗ ಹೀರುತ್ತದೆ, ಉಬ್ಬುತ್ತದೆ. ಹಸಿ ಹಿಟ್ಟು ಹಾಗಲ್ಲ, ಸುಮ್ನೆ ಒದ್ದೆಯಾಗುತ್ತದೆ ಅಷ್ಟೆ. ಹಾಗಾಗಿ ನೀರಿಗೆ ಬಿದ್ದ ಅರ್ಧ ಗಂಟೆಯಲ್ಲಿ ಹೊರಗಿನ ಚೀಲ ಮೆತ್ತಗಾಗುತ್ತದೆ, ನಡುವಿನ ಹಿಟ್ಟು ಇನ್ನೂ ಒಣಗಿಯೇ ಇರುತ್ತದೆ. ನಾವು ಗಂಟೆಗಟ್ಟಲೆ ಕಾಯುವುದು ನೀರು ಆ ನಡುವಿಗೆ ಮುಟ್ಟಲಿ ಅಂತ. ಅಷ್ಟು ಹೊತ್ತು ಕಾಳಿನ ಸುತ್ತ ನೀರು ನಿಂತೇ ಇದ್ದರೆ ಚೀಲ ನೆನೆದು ನೆನೆದು ಒಡೆಯುತ್ತದೆ, ಹಿಟ್ಟು ಹೊರಗೆ ಬರುತ್ತದೆ. ನನ್ನ ಮೊದಲ ಸಲದ ಮುದ್ದೆಗೆ ಕಾರಣ ಇದೇ. ಮೂರನೇ ಸಲ ನಾನು ಮಾಡಿದ್ದು ಬೇಗ ಆಗಲಿ ಅಂತ ಬಿಸಿನೀರು ಹಾಕಿದ್ದು. ಬಿಸಿಗೆ ಹೊರಗಿನ ಹಿಟ್ಟು ಆಗಲೇ ಬೆಂದು ಅಂಟಾಯಿತು, ಒಳಗೆ ನೀರು ಹೋಗುವಷ್ಟು ಹೊತ್ತೇ ಸಿಗಲಿಲ್ಲ. ಅವಸರಕ್ಕೆ ಬಿಸಿನೀರು ಅನ್ನುವ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಸೂತ್ರ ಇಷ್ಟು: ಸಮಯ ಜಾಸ್ತಿ ಕೊಡಿ, ನೀರನ್ನು ಕಾಳು ಕುಡಿದು ಮುಗಿಸುವಷ್ಟೇ ಕೊಡಿ. ಬಸಿಯಲು ನೀರು ಉಳಿದಿದೆ ಅಂದರೆ ಆಗಲೇ ಜಾಸ್ತಿ ಹಾಕಿದ್ದೀರಿ ಅಂತಲೇ ಲೆಕ್ಕ.

ಒಂದು ಲೋಟ ಮಧ್ಯಮ ಗಾತ್ರದ ಕಾಳು ತಗೊಂಡು ನೋಡೋಣ. ಅಗಲ ಬಾಯಿಯ ಬೋಗುಣಿಗೆ ಹಾಕಿ, ನೀರು ಹಾಕಿ, ಬೆರಳಲ್ಲಿ ಹಗುರವಾಗಿ ಆಡಿಸಿ. ನೀರು ಹಾಲಿನ ಹಾಗೆ ಬಿಳಿಯಾಗುತ್ತದೆ. ಅದು ಕಾಳಿಗೆ ಕಾಳು ಉಜ್ಜಿ ಉದುರಿದ ಪುಡಿ. ಇದು ಉಳಿದರೆ ಬಾಣಲೆಯ ಬಿಸಿಗೆ ಗೋಂದಾಗಿ ಕಾಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆದ್ದರಿಂದ ಚೆಲ್ಲಿ, ಮತ್ತೆ ತೊಳೆಯಿರಿ. ಮೂರು ಸಲಕ್ಕೆ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಅಕ್ಕಿ ತೊಳೆದ ಹಾಗೆ ಅಂಗೈಯಲ್ಲಿ ತಿಕ್ಕಬೇಡಿ, ತಿಕ್ಕಿದಷ್ಟೂ ಹೊಸ ಪುಡಿ ಬರುತ್ತಲೇ ಇರುತ್ತದೆ.

ಕೊನೆಯ ನೀರನ್ನು ಪೂರ್ತಿ ಬಸಿದು, ಮುಕ್ಕಾಲು ಲೋಟ ತಣ್ಣೀರು ಹಾಕಿ. ಬೋಗುಣಿ ಅಲುಗಿಸಿ ಕಾಳನ್ನು ಸಮ ಮಾಡಿದರೆ ನೀರು ಕಾಳಿನ ಮಟ್ಟಕ್ಕೆ ಅಥವಾ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಲೋಟದ ಅಳತೆಗಿಂತ ನನಗೆ ಈ ಮಟ್ಟವೇ ಹೆಚ್ಚು ನಂಬಿಕೆ. ತೊಳೆದ ಕಾಳು ಎಷ್ಟು ನೀರು ಹಿಡಿದುಕೊಂಡಿದೆ ಅನ್ನುವುದು ಪ್ರತಿ ಸಲ ಒಂದೇ ಇರುವುದಿಲ್ಲ, ಅಲ್ವಾ? ಆದರೆ ಪಾತ್ರೆ ಅಗಲವಾಗಿರಲೇಬೇಕು. ಉದ್ದ ಡಬ್ಬಿಯಲ್ಲಿ ನೆನೆಸಿದರೆ ಅಡಿಯ ಕಾಳು ನೀರಲ್ಲೇ ಕೂತು ಕರಗುತ್ತದೆ, ಮೇಲಿನದು ಒಣಗುತ್ತದೆ.

ಮುಚ್ಚಿಡಿ. ಒಂದು ಗಂಟೆ ಆದಮೇಲೆ ಒಮ್ಮೆ ಬೆರಳಿಂದ ಮೇಲೆ ಕೆಳಗೆ ಮಾಡಿ. ಆಗ ನೀರು ಬಹುಪಾಲು ಕಾಣಿಸುವುದಿಲ್ಲ, ಕಾಳು ಉಬ್ಬಿರುತ್ತದೆ. ನೆನೆದಿದೆ ಅಂತ ಮೋಸ ಹೋಗುವುದು ಇಲ್ಲೇ. ಚೀಲ ಕುಡಿದಿದೆ, ನಡುವಿಗೆ ಇನ್ನೂ ಮುಟ್ಟಿಲ್ಲ. ಒಟ್ಟು ನಾಲ್ಕರಿಂದ ಆರು ಗಂಟೆ ಬೇಕು. ಸಣ್ಣ ಕಾಳಿಗೆ ಎರಡು ಮೂರು ಗಂಟೆ ಸಾಕು. ರಾತ್ರಿ ನೆನೆಸುವುದಾದರೆ ಸೆಕೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ.

ಆಯಿತೋ ಇಲ್ಲವೋ ಹೇಳುವುದು ಗಡಿಯಾರ ಅಲ್ಲ, ಹೆಬ್ಬೆರಳು. ಪಾತ್ರೆಯ ಮೂರು ಕಡೆಯಿಂದ ಒಂದೊಂದು ಕಾಳು ತೆಗೆಯಿರಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಸರಿಯಾಗಿ ನೆನೆದ ಕಾಳು ಒತ್ತುವವರೆಗೂ ಗುಂಡಗೇ ಇರುತ್ತದೆ, ಒತ್ತಿದ ತಕ್ಷಣ ನುಣ್ಣನೆ ಹಿಟ್ಟಾಗಿ ಹರಡುತ್ತದೆ. ಹರಡಿದ ಹಿಟ್ಟಿನ ನಡುವೆ ಸಾಸಿವೆ ಕಾಳಿನಷ್ಟು ಗಟ್ಟಿ ಚುಕ್ಕೆ ಬೆರಳಿಗೆ ಸಿಕ್ಕಿದರೆ ಅದೇ ಆಮೇಲೆ ಹಲ್ಲಿಗೂ ಸಿಗುವುದು. ಒಂದೆರಡು ಚಮಚ ನೀರು ಚಿಮುಕಿಸಿ, ಕೈಯಾಡಿಸಿ, ಅರ್ಧ ಗಂಟೆ ಮುಚ್ಚಿಡಿ, ಮತ್ತೆ ಒತ್ತಿ ನೋಡಿ. ಒಗ್ಗರಣೆಯಲ್ಲಿ ಬೇಯಿಸಿಕೊಂಡರಾಯಿತು ಅಂತ ಬಿಡಬೇಡಿ. ಒಣ ನಡುವಿಗೆ ಬೇಯಲು ಬೇಕಾದ ನೀರೇ ಅಲ್ಲಿರುವುದಿಲ್ಲ. ಅದು ಬೇಯಲಿ ಅಂತ ಕಾಯುತ್ತ ಕೂತರೆ ಸುತ್ತಲಿನದು ಬೆಂದು ಅಂಟಾಗುತ್ತದೆ.

ಉಲ್ಟಾ ಆದರೆ, ಅಂದರೆ ಕಾಳು ಮೆತ್ತಗಿದೆ ಆದರೆ ಕೈಗೆ ಒದ್ದೆ ಒದ್ದೆ ಅನ್ನಿಸಿದರೆ, ಜರಡಿಗೆ ಸುರಿದು ಹತ್ತು ನಿಮಿಷ ಬಿಡಿ. ಆಮೇಲೆ ಒಣ ಹತ್ತಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ಒಂದು ಹಿಡಿ ತಗೊಂಡು ಮುಷ್ಟಿ ಕಟ್ಟಿ ಬಿಟ್ಟರೆ ಕಾಳು ತಾನಾಗಿ ಉದುರಬೇಕು. ಉಂಡೆಯಾಗಿಯೇ ನಿಂತರೆ ಇನ್ನೂ ಸ್ವಲ್ಪ ಹೊತ್ತು ಆರಲಿ. ಹುರಿದ ಶೇಂಗಾ ಪುಡಿಯನ್ನು ಕಾಳಿಗೆ ಮೊದಲೇ ಕಲಸುವುದು ರುಚಿಗೆ ಮಾತ್ರ ಅಲ್ಲ. ಅದು ಮೇಲಿನ ಪಸೆ ಎಳೆದುಕೊಂಡು ಕಾಳುಗಳ ನಡುವೆ ಕೂರುತ್ತದೆ.

ಇಷ್ಟು ಮಾಡಿಯೂ ಬಾಣಲೆಯಲ್ಲಿ ಕೆಡಿಸಬಹುದು, ನಾನು ಕೆಡಿಸಿದ್ದೇನೆ. ಬಿಳಿ ಕಾಳು ಗಾಜಿನ ಹಾಗಾದರೆ ಬೆಂದಿತು ಅಂತ ಅರ್ಥ. ಬಹಳಷ್ಟು ಕಾಳು ಹಾಗಾದಾಗಲೇ ಇಳಿಸಿ, ಉಳಿದದ್ದು ಬಾಣಲೆಯ ಬಿಸಿಗೇ ಆಗುತ್ತದೆ. ತುಂಬ ಹೊತ್ತು ಮುಚ್ಚಳ ಮುಚ್ಚಿದರೆ ಆವಿ ನೀರಾಗಿ ಕಾಳಿನ ಮೇಲೇ ಬೀಳುತ್ತದೆ.

ಒಂದು ಎಚ್ಚರಿಕೆ. ನೈಲಾನ್ ಸಬ್ಬಕ್ಕಿ ಅಂತ ಸಿಗುತ್ತದಲ್ಲ, ಒಣಗಿದಾಗಲೇ ಗಾಜಿನ ಹಾಗೆ ಕಾಣುವುದು, ಅದನ್ನು ಮೊದಲೇ ಆವಿಯಲ್ಲಿ ಬೇಯಿಸಿರುತ್ತಾರೆ. ಒಳಗೆ ಹಸಿ ಹಿಟ್ಟು ಇಲ್ಲದ್ದರಿಂದ ಹೆಬ್ಬೆರಳ ಪರೀಕ್ಷೆ ಅದಕ್ಕೆ ನಡೆಯುವುದಿಲ್ಲ, ಒತ್ತಿದರೆ ರಬ್ಬರಿನ ಹಾಗೆ ಜಾರುತ್ತದೆ. ಖಿಚಡಿಗೆ ತರುವಾಗ ಸುಣ್ಣದ ಹಾಗೆ ಬೆಳ್ಳಗಿರುವ, ಹೊಳಪಿಲ್ಲದ ಕಾಳನ್ನೇ ಆರಿಸಿ. ಕಂಪನಿ ಬದಲಾದರೆ ಮೊದಲ ದಿನ ಅರ್ಧ ಲೋಟ ಮಾತ್ರ ನೆನೆಸಿ ನೋಡಿ. ಹುರಿದದ್ದು ಕಮ್ಮಿಯಾಗಿದ್ದರೆ ಚೀಲ ತೆಳ್ಳಗಿರುತ್ತದೆ, ಅದೇ ಮುಕ್ಕಾಲು ಲೋಟ ನೀರಿಗೂ ಕಾಳು ಒಡೆಯಬಹುದು. ಒಡೆದು ಹೋದದ್ದನ್ನು ಬಿಡಿಸಲು ಒದ್ದಾಡಬೇಡಿ, ಬೇಯಿಸಿದ ಆಲೂಗಡ್ಡೆ ಹಿಸುಕಿ ಸೇರಿಸಿ ವಡೆ ತಟ್ಟಿಬಿಡಿ. ವಡೆಗೆ ಆ ಅಂಟೇ ಬೇಕು.