ಅಪ್ಪನಿಗಿಂತ ಮೊದಲೇ ಮಗ ತೀರಿಕೊಂಡರೆ ಪಾಲು ಹೇಗೆ?

ಅಪ್ಪ ತೀರಿಕೊಂಡು ಆಸ್ತಿ ಭಾಗವಾಗಬೇಕು. ಆದರೆ ದೊಡ್ಡ ಮಗ ಅಪ್ಪನಿಗಿಂತ ಮುಂಚೆಯೇ ಹೋಗಿದ್ದಾನೆ. ಇಂಥ ಮನೆಯವರು ಮಂಡ್ಯದ ನಮ್ಮ ಕಚೇರಿಗೆ ಬಂದಾಗ ಎರಡು ಮಾತು ಕೇಳಿಸುತ್ತದೆ. ‘ಅವನೇ ಇಲ್ಲ, ಅವನ ಹೆಂಡತಿ ಮಕ್ಕಳಿಗೆ ಎಲ್ಲಿಯ ಪಾಲು?’ ಅಂತ ಒಬ್ಬರು. ‘ಇರೋರೆಲ್ಲ ಸಮ ಹಂಚಿಕೊಂಡರೆ ಆಯ್ತಲ್ವಾ?’ ಅಂತ ಇನ್ನೊಬ್ಬರು. ಎರಡೂ ತಪ್ಪು.

ಮದ್ದೂರು ಕಡೆಯ ಒಂದು ಮನೆ ಅಂದುಕೊಳ್ಳಿ. ಯಜಮಾನರ ಸ್ವಂತ ದುಡಿಮೆಯ ಗದ್ದೆ 3 ಎಕರೆ, ಅಂದರೆ 120 ಗುಂಟೆ. ವಿಲ್ ಬರೆದಿಲ್ಲ. ವಂಶವೃಕ್ಷ ಹೀಗಿದೆ:

```
ಯಜಮಾನ (ಮೃತ) + ಹೆಂಡತಿ
├─ ದೊಡ್ಡ ಮಗ (ಮೊದಲೇ ಮೃತ) + ಸೊಸೆ
│   ├─ ಮೊಮ್ಮಗ
│   └─ ಮೊಮ್ಮಗಳು
├─ ಮಗಳು
└─ ಕಿರಿಯ ಮಗ
```

ಬದುಕಿರುವ ವಾರಸುದಾರರು ಆರು ಜನ. ತಲೆ ಎಣಿಸಿದರೆ ತಲಾ 20 ಗುಂಟೆ. ಇದು ತಲೆವಾರು ಹಂಚಿಕೆ, ಪರ್ ಕ್ಯಾಪಿಟ. ಹೀಗೆ ಮಾಡಿದರೆ ದೊಡ್ಡ ಮಗನ ಕಡೆಗೇ 60 ಗುಂಟೆ ಹೋಗುತ್ತದೆ. ಅವನು ಬದುಕಿದ್ದರೂ ಅಷ್ಟು ಸಿಗುತ್ತಿರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 10ನೇ ಕಲಂ ಇಲ್ಲಿ ಕವಲು ಎಣಿಸುತ್ತದೆ. ಇದೇ ಪರ್ ಸ್ಟರ್ಪೀಸ್. ಹೆಂಡತಿ, ಮಗಳು, ಕಿರಿಯ ಮಗ, ತೀರಿಕೊಂಡ ಮಗನ ಕವಲು, ಒಟ್ಟು ನಾಲ್ಕು ಪಾಲು. ಒಂದೊಂದು 30 ಗುಂಟೆ. ಕವಲಿಗೆ ಬಂದ 30 ಗುಂಟೆಯನ್ನು ಸೊಸೆ ಮತ್ತು ಎರಡು ಮಕ್ಕಳು ತಲಾ 10ರಂತೆ ಹಂಚಿಕೊಳ್ಳುತ್ತಾರೆ. ಮೊದಲೇ ತೀರಿಕೊಂಡವಳು ಮಗಳಾಗಿದ್ದರೆ ಅವಳ ಕವಲಿನ ಪಾಲು ಅವಳ ಮಕ್ಕಳಿಗೆ ಮಾತ್ರ. ಅಳಿಯನಿಗೆ ಇಲ್ಲ.

ಯಾರು ಮೊದಲು ತೀರಿಕೊಂಡರು ಅನ್ನುವುದು ಬಹಳ ಮುಖ್ಯ. ದೊಡ್ಡ ಮಗ ಅಪ್ಪನ ನಂತರ ಒಂದೇ ದಿನ ಬದುಕಿದ್ದರೂ 30 ಗುಂಟೆ ಅವನದೇ ಆಗಿಬಿಡುತ್ತದೆ. ಆಮೇಲೆ ಅವನು ವಿಲ್ ಇಲ್ಲದೆ ಹೋದರೆ ಅದರಲ್ಲಿ ಅವನ ತಾಯಿಗೂ ಪಾಲಿದೆ. ತಾಯಿ, ಹೆಂಡತಿ, ಎರಡು ಮಕ್ಕಳು, ಈ ನಾಲ್ವರಿಗೂ ತಲಾ ಏಳೂವರೆ ಗುಂಟೆ. ಮೊದಲೇ ಹೋಗಿದ್ದರೆ ಆ ಕವಲಿನಲ್ಲಿ ತಾಯಿಗೆ ಏನೂ ಇಲ್ಲ. ಆದ್ದರಿಂದ ವಂಶವೃಕ್ಷ ಮಾಡಿಸುವಾಗ ತೀರಿಕೊಂಡವರ ಹೆಸರು ಬಿಡಬೇಡಿ, ಮರಣ ಪ್ರಮಾಣಪತ್ರದ ದಿನಾಂಕವನ್ನೂ ನೋಡಿಕೊಳ್ಳಿ. ‘ಸತ್ತವನ ಹೆಸರು ಯಾಕೆ’ ಅಂತ ಬಿಟ್ಟರೆ ಆ ಕವಲೇ ಕಾಣೆಯಾಗುತ್ತದೆ. ಪೌತಿ ಖಾತೆ ಉಳಿದವರ ಹೆಸರಿಗೆ ಆಗುತ್ತದೆ. ವಿಧವೆ ಸೊಸೆ ಆಮೇಲೆ ಕೋರ್ಟಿಗೆ ಅಲೆಯಬೇಕು. ಇದು ನನಗೆ ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ.

ಇದು ಸ್ವಂತ ಆಸ್ತಿಯ ಲೆಕ್ಕ. ಪಿತ್ರಾರ್ಜಿತವಾದರೆ ಅದರಲ್ಲಿ ಅಪ್ಪನ ಪಾಲು ಎಷ್ಟು ಅಂತ ಮೊದಲು ತೆಗೆಯಬೇಕು.

ಮದುವೆಯಾಗದ ಚಿಕ್ಕಪ್ಪನ ಆಸ್ತಿಗೆ ಮಾತ್ರ ಇದೇ ಕವಲಿನ ಲೆಕ್ಕ ಹಾಕಬೇಡಿ. ಅವರ ಅಪ್ಪ ಅಮ್ಮ ಇಲ್ಲ, ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಎಲ್ಲರೂ ಹೋಗಿದ್ದಾರೆ ಅಂದುಕೊಳ್ಳಿ. ಒಬ್ಬ ಅಣ್ಣನಿಗೆ ಒಂದು ಮಗು, ಇನ್ನೊಬ್ಬರಿಗೆ ಮೂರು. ಇಲ್ಲಿ ನಾಲ್ವರಿಗೂ ತಲೆವಾರು ಸಮಪಾಲು. ಆದರೆ ಒಬ್ಬ ತಂಗಿ ಬದುಕಿದ್ದರೂ ಪೂರ್ತಿ ಆಸ್ತಿ ಆಕೆಗೇ, ತೀರಿಕೊಂಡ ಅಣ್ಣಂದಿರ ಮಕ್ಕಳಿಗೆ ಏನೂ ಬರುವುದಿಲ್ಲ. ಹಾಗಾಗಬಾರದು ಅಂತಿದ್ದರೆ ಚಿಕ್ಕಪ್ಪ ವಿಲ್ ಬರೆದಿರಬೇಕು.