ಪ್ರೊಫೆಸರ್ ಉಂಡರೆ ದಾನ ಹೇಗಾಗುತ್ತದೆ?

ಒಗಟಿನಂಥ ಸುಳಿವುಗಳಿರುವ ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧದಲ್ಲಿ ಷರೇಡ್ ಎಂಬ ಬಗೆಯ ಸುಳಿವು ಇದೆ. ಉತ್ತರವನ್ನು ಚಿಕ್ಕ ಪದಗಳಾಗಿ ಮುರಿದು, ಒಂದೊಂದಕ್ಕೂ ಬೇರೆ ಸುಳಿವು ಕೊಟ್ಟಿರುತ್ತಾರೆ. ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಆಯ್ತು. ಕಷ್ಟ ಇರುವುದು ಇದನ್ನು ಗುರುತಿಸುವುದರಲ್ಲೇ.

ಅಕ್ಷರಗಳನ್ನು ಕಲಸಬೇಕಾದರೆ ಸುಳಿವಿನಲ್ಲಿ ‘ಮುರಿದ’, ‘ಹುಚ್ಚು ಹಿಡಿದ’ ಎಂಬಂಥ ಮಾತು ಇರಲೇಬೇಕು. ಒಂದು ಪದವನ್ನು ಇನ್ನೊಂದರ ಹೊಟ್ಟೆಗೆ ತುರುಕಬೇಕಾದರೆ ‘ಒಳಗೆ’, ‘ಸುತ್ತ’ ಅಂತ ಏನಾದರೂ ಬರುತ್ತದೆ. ಷರೇಡ್‌ಗೆ ಅಂಥ ಸೂಚನೆ ಬೇಕಾಗಿಲ್ಲ. ಯಾವ ಸೂಚನೆಯೂ ಕಾಣದಿದ್ದರೆ, ಸುಳಿವು ಬರೀ ಎರಡೇ ಅರ್ಥಗಳನ್ನು ಪಕ್ಕಪಕ್ಕ ಇಟ್ಟಂತೆಯೂ ಇಲ್ಲದಿದ್ದರೆ, ಮೊದಲು ಷರೇಡ್ ಮೇಲೆ ಅನುಮಾನ ಪಡಬೇಕು.

ನಾನೇ ಕಟ್ಟಿದ ಒಂದು ಸುಳಿವು ನೋಡಿ: ‘ಪ್ರೊಫೆಸರ್ ಹ್ಯಾಡ್ ಫುಡ್ ಟು ಗಿವ್ (6)’. ಓದಿದರೆ ಮೇಷ್ಟ್ರ ಹತ್ತಿರ ಹಂಚಲು ಊಟ ಇತ್ತು ಅನಿಸುತ್ತದೆ. ಈ ಚಿತ್ರವನ್ನು ನಂಬಬಾರದು. ಉತ್ತರದ ನೇರ ಅರ್ಥ ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಇಲ್ಲಿ ಕೊನೆಯ ‘ಗಿವ್’ ಅನ್ನು ಹಿಡಿಯೋಣ. ‘ಟು’ ಬರೀ ಕೊಂಡಿ. ಕೊನೆಯ 6 ಅಂದರೆ ಉತ್ತರದ ಇಂಗ್ಲಿಷ್ ಅಕ್ಷರಗಳ ಲೆಕ್ಕ, ಉಳಿದದ್ದರಿಂದ ಆ ಆರು ಅಕ್ಷರ ಹುಟ್ಟಬೇಕು. ‘ಹ್ಯಾಡ್’ ಅಂದರೆ ‘ಇತ್ತು’ ಮಾತ್ರವಲ್ಲ, ‘ತಿಂದ’ ಕೂಡ ಹೌದು. ‘ಹ್ಯಾಡ್ ಫುಡ್’ ಅಂದರೆ ‘ಏಟ್’, ಮೂರು ಅಕ್ಷರ. ಇನ್ನು ಮೂರಕ್ಷರದ ಪ್ರೊಫೆಸರ್ ಯಾರು? ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಡೆ ಮೇಷ್ಟ್ರನ್ನು ‘ಡಾನ್’ ಅನ್ನುತ್ತಾರೆ. ಎರಡೂ ಸೇರಿದರೆ ‘ಡೊನೇಟ್’. ದಾನ ಕೊಡು!

‘ಡಾನ್’, ‘ಏಟ್’ ಎಂದು ಬಾಯಲ್ಲಿ ಹೇಳುತ್ತಾ ಕೂತರೆ ‘ಡೊನೇಟ್’ ಕೇಳಿಸುವುದೇ ಇಲ್ಲ. ಜೋಡಣೆ ಸ್ಪೆಲ್ಲಿಂಗಿನದು, ಸದ್ದಿನದಲ್ಲ. ಆದ್ದರಿಂದ ತುಂಡುಗಳನ್ನು ಕಾಗದದ ಮೇಲೆ ಬರೆದು ನೋಡುವುದೇ ಒಳ್ಳೆಯದು.

ಜೋಡಿಸುವ ಕ್ರಮದಲ್ಲೂ ಆಟ ಇದೆ. ‘ಎಕ್ಸ್‌ಪರ್ಟ್ ಫಾಲೋಯಿಂಗ್ ಫ್ರೆಂಡ್ ಟು ರಾಯಲ್ ಹೋಮ್ (6)’ ನೋಡಿ. ಎಕ್ಸ್‌ಪರ್ಟ್ ಅಂದರೆ ‘ಏಸ್’, ಫ್ರೆಂಡ್ ಅಂದರೆ ‘ಪ್ಯಾಲ್’. ಓದಿದ ಕ್ರಮದಲ್ಲೇ ಸೇರಿಸಿದರೆ ಅರ್ಥವಿಲ್ಲದ ಪದ ಬರುತ್ತದೆ. ‘ಫಾಲೋಯಿಂಗ್’ ಇರುವುದರಿಂದ ‘ಏಸ್’ ‘ಪ್ಯಾಲ್’ ಆದ ನಂತರ ಬರಬೇಕು. ಆಗ ಅರಮನೆ, ಅಂದರೆ ‘ಪ್ಯಾಲೇಸ್’ ಸಿಗುತ್ತದೆ. ‘ಆಫ್ಟರ್’ ಕೂಡ ಇದೇ ಕೆಲಸ ಮಾಡುತ್ತದೆ. ‘ಆನ್’ ಸ್ವಲ್ಪ ತುಂಟ. ಅಡ್ಡ ಸಾಲಿನಲ್ಲಿ ‘ಇದು ಅದರ ಆನ್’ ಅಂದರೆ ಸಾಮಾನ್ಯವಾಗಿ ಇದು ಅದರ ನಂತರ ಬರುತ್ತದೆ. ಉದ್ದ ಸಾಲಿನಲ್ಲಿ ‘ಮೇಲೆ’ ಎಂಬ ಅರ್ಥವೇ ನಿಜವಾಗಿ, ಇದೇ ಮೊದಲು ಬರುತ್ತದೆ.

ಉತ್ತರ ಹೊಳೆದ ಮೇಲೂ ಒಂದು ಲೆಕ್ಕ ಬಾಕಿ. ಸುಳಿವಿನ ಪ್ರತಿ ಪದಕ್ಕೂ ಒಂದು ಕೆಲಸ ಸಿಕ್ಕಿದೆಯಾ? ಅರ್ಥ, ತುಂಡು, ಕ್ರಮ, ಕೊಂಡಿ ಇವುಗಳಲ್ಲಿ ಯಾವುದಕ್ಕೂ ಸೇರದ ಪದ ಉಳಿದಿದ್ದರೆ ಪೆನ್ ಕೆಳಗಿಡಿ. ಅಕ್ಷರ ಸರಿಯಾಗಿ ಕೂತರೂ ಮುರಿದ ಜಾಗ ತಪ್ಪಿರಬಹುದು, ಅಥವಾ ಅದು ಷರೇಡೇ ಅಲ್ಲದಿರಬಹುದು.